ಮಣಿಕಟ್ಟಿನ ಮೇಲೆ ಬೇರೆ ವಾಚು ಕೂರಿಸುವುದು

ವಾಚಿನ ಜಾಹೀರಾತಿನಲ್ಲಿ ಕಾಣುವ ಕೈ ಮತ್ತು ಆ ಕೈಮೇಲಿನ ವಾಚು ಒಂದೇ ದಿನ, ಒಂದೇ ಬೆಳಕಿನಲ್ಲಿ ತೆಗೆದ ಚಿತ್ರಗಳೇ ಆಗಿರಬೇಕೆಂದಿಲ್ಲ. ರೂಪದರ್ಶಿಯನ್ನು ಕರೆಸಿ ಫೋಟೋ ತೆಗೆಯುವ ದಿನ ಹೊಸ ಮಾದರಿ ಕಾರ್ಖಾನೆಯಿಂದ ಇನ್ನೂ ಬಂದೇ ಇರುವುದಿಲ್ಲ. ಆಗ ಕೈಗೆ ಸಿಕ್ಕಿದ ಯಾವುದೋ ವಾಚನ್ನು ಕಟ್ಟಿ ಫೋಟೋ ತೆಗೆಯುತ್ತಾರೆ. ಆಮೇಲೆ ಬಿಳಿ ಹಿನ್ನೆಲೆಯಲ್ಲಿ ತೆಗೆದ ಹೊಸ ವಾಚಿನ ಚಿತ್ರವೊಂದು ಬರುತ್ತದೆ. ಅದನ್ನು ಹಳೆಯದರ ಜಾಗದಲ್ಲಿ ಕೂರಿಸುವ ಹೊಣೆ ಫೋಟೋ ತಿದ್ದುವವರದ್ದು.

ಅಂಥದ್ದೊಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಮೇಜಿನ ಮೇಲೆ ಅಂಗೈ ಊರಿದ ಎಡಗೈ. ಕ್ಯಾಮೆರಾ ಬೆರಳುಗಳ ಕಡೆಯಿಂದ, ತುಸು ಮೇಲಿನಿಂದ ನೋಡುತ್ತಿದೆ. ಕಿರುಬೆರಳಿನ ಬದಿಗೆ ಕಿಟಕಿ, ಬೆಳಕೆಲ್ಲ ಅಲ್ಲಿಂದಲೇ. ಕೈಯಲ್ಲಿರುವುದು 40 ಮಿಲಿಮೀಟರ್ ಅಗಲದ ಸ್ಟೀಲ್ ಚೈನಿನ ವಾಚು. ಅದರ ಜಾಗಕ್ಕೆ ಬರಬೇಕಾದದ್ದು 36 ಮಿಲಿಮೀಟರಿನ, ಕಂದು ಚರ್ಮದ ಬೆಲ್ಟಿನ, ಬಿಳಿ ಡಯಲಿನ ವಾಚು. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯ ಜನತಾ ವಾಚನ್ನು ನೋಡಿದವರಿಗೆ ಈ ಚಹರೆ ಗೊತ್ತು. ಕಂಪನಿ ಕೊಟ್ಟ ಚಿತ್ರದಲ್ಲಿ ಅದು ನೇರ ಎದುರಿನಿಂದ ಕಾಣುತ್ತದೆ. ಮುಳ್ಳುಗಳು ಹತ್ತು ಗಂಟೆ ಹತ್ತು ನಿಮಿಷದಲ್ಲಿ ನಿಂತಿವೆ, ಬೆಲ್ಟು ಅಳತೆಗೋಲಿನಂತೆ ನೆಟ್ಟಗಿದೆ.

ಈ ಕೆಲಸಕ್ಕೆ ಹೊಸಬರಾದವರು ಮೊದಲು ಹಳೆಯ ವಾಚನ್ನು ಅಳಿಸಿಬಿಡುತ್ತಾರೆ. ಅದು ದೊಡ್ಡ ನಷ್ಟ. ಹೊಸ ವಾಚು ಯಾವ ಕೋನದಲ್ಲಿ, ಯಾವ ಗಾತ್ರದಲ್ಲಿ, ಯಾವ ಬೆಳಕಿನಲ್ಲಿ ಕೂರಬೇಕು ಎಂಬುದಕ್ಕೆಲ್ಲ ಉತ್ತರ ಹಳೆಯ ವಾಚಿನಲ್ಲೇ ಇದೆ. ಅನುಭವಿಗಳು ಅದನ್ನು ಬೇರೊಂದು ಲೇಯರಿನಲ್ಲಿ ಜೋಪಾನವಾಗಿಟ್ಟುಕೊಂಡು, ಕೊನೆಯವರೆಗೂ ತೆರೆದು ಮುಚ್ಚಿ ನೋಡುತ್ತಿರುತ್ತಾರೆ.

ಮೊದಲಿಗೆ ಕೋನ. ದುಂಡಗಿನ ವಸ್ತುವನ್ನು ಓರೆಯಾಗಿ ನೋಡಿದರೆ ಅದು ಅಂಡಾಕಾರವಾಗಿ ಕಾಣುತ್ತದೆ. ನಮ್ಮ ಚಿತ್ರದಲ್ಲಿ ಹಳೆಯ ವಾಚು 12ರಿಂದ 6ರವರೆಗೆ 400 ಪಿಕ್ಸೆಲ್, 9ರಿಂದ 3ರವರೆಗೆ 320 ಪಿಕ್ಸೆಲ್ ಇದೆ. ಎರಡನ್ನೂ ಭಾಗಿಸಿದರೆ 0.8. ಶಾಲೆಯಲ್ಲಿ ಕಲಿತ ಕೊಸೈನ್ ಕೋಷ್ಟಕ ಇಲ್ಲಿ ಕೆಲಸಕ್ಕೆ ಬರುತ್ತದೆ: ಡಯಲು ಕ್ಯಾಮೆರಾದ ಎದುರಿನಿಂದ ಸುಮಾರು 37 ಡಿಗ್ರಿ ವಾಲಿದೆ. 40 ಮಿಲಿಮೀಟರಿಗೆ 400 ಪಿಕ್ಸೆಲ್ ಎಂದಮೇಲೆ ಮಿಲಿಮೀಟರಿಗೆ ಹತ್ತು ಪಿಕ್ಸೆಲ್ ಆಯಿತು. ಹಾಗಾಗಿ ಹೊಸ ವಾಚು ಉದ್ದಕ್ಕೆ 360, ಅಡ್ಡಕ್ಕೆ 288 ಪಿಕ್ಸೆಲ್ ಇರಬೇಕು. ಫೋಟೋಶಾಪಿನಲ್ಲಿ ಡಿಸ್ಟಾರ್ಟ್ ಬಳಸಿ, 12, 3, 6, 9 ಈ ನಾಲ್ಕು ಗುರುತುಗಳು ಹಳೆಯ ವಾಚಿನ ಅದೇ ಗುರುತುಗಳ ದಿಕ್ಕಿಗೆ ಬರುವಂತೆ ಡಯಲನ್ನು ಎಳೆಯುತ್ತಾರೆ.

ಇಷ್ಟಾದರೂ ವಾಚು ಕೈಮೇಲೆ ಅಂಟಿಸಿದ ಸ್ಟಿಕರಿನಂತೆಯೇ ಕಾಣುತ್ತದೆ, ಏಕೆಂದರೆ ಅದಕ್ಕೆ ದಪ್ಪವೇ ಇಲ್ಲ. 37 ಡಿಗ್ರಿ ವಾಲಿದ ವಾಚಿನ ದಪ್ಪದಲ್ಲಿ ಹತ್ತಕ್ಕೆ ಆರು ಪಾಲು ಕಣ್ಣಿಗೆ ಬೀಳಬೇಕು. ವಾಚು 8 ಮಿಲಿಮೀಟರ್ ದಪ್ಪವಿದ್ದರೆ 3ರ ಬದಿಯಲ್ಲಿ ಸುಮಾರು 48 ಪಿಕ್ಸೆಲ್ ಅಗಲದ ಲೋಹದ ಗೋಡೆ, ಅದರಿಂದ ಹೊರಚಾಚಿದ ಕೀಲಿ ಕೊಡುವ ಗುಂಡಿ ಕಾಣಬೇಕು. ಎದುರಿನಿಂದ ತೆಗೆದ ಚಿತ್ರದಲ್ಲಿ ಆ ಗೋಡೆ ಇಲ್ಲವೇ ಇಲ್ಲ. ಎಷ್ಟು ಎಳೆದರೂ ಅದು ಹುಟ್ಟುವುದಿಲ್ಲ. ಓರೆಯಿಂದ ತೆಗೆದ ಇನ್ನೊಂದು ಚಿತ್ರವನ್ನು ಕಂಪನಿಯಿಂದ ಕೇಳಿ ಪಡೆಯಬೇಕು, ಇಲ್ಲವೇ ಹಳೆಯ ವಾಚಿನ ಗೋಡೆ ನೋಡಿಕೊಂಡು ಕೈಯಲ್ಲಿ ಬಿಡಿಸಬೇಕು. ಮೊದಲನೆಯದೇ ವಾಸಿ.

ಬೆಲ್ಟಿನ ಲೆಕ್ಕ ಬೇರೆ. ಡಯಲು ಗಟ್ಟಿ ಲೋಹ, ಅದು ಬಾಗುವಂತಿಲ್ಲ, ಬೆಲ್ಟು ಬಾಗಲೇಬೇಕು. ಎರಡನ್ನೂ ಒಂದೇ ಲೇಯರಿನಲ್ಲಿಟ್ಟು ವಾರ್ಪ್ ಮಾಡಿದರೆ ಡಯಲಿನ ಅಂಚು ಸೊಟ್ಟಗಾಗುತ್ತದೆ. ಅದಕ್ಕೇ ಮೊದಲು ಡಯಲನ್ನೂ ಬೆಲ್ಟಿನ ಎರಡು ತುಂಡುಗಳನ್ನೂ ಕತ್ತರಿಸಿ ಮೂರು ಲೇಯರ್ ಮಾಡಿಕೊಳ್ಳುತ್ತಾರೆ, ವಾರ್ಪ್ ಬೆಲ್ಟಿಗಷ್ಟೇ.

ಬಾಗು ಸರಿಯಾಯಿತೇ ಎಂದು ತಿಳಿಯಲು ಹೊಲಿಗೆಯನ್ನು ನೋಡಬೇಕು. ನೆಟ್ಟಗಿನ ಬೆಲ್ಟಿನಲ್ಲಿ ಹೊಲಿಗೆಗಳ ನಡುವಿನ ಅಂತರ ಎಲ್ಲ ಕಡೆ ಒಂದೇ. ಕೈಯನ್ನು ಸುತ್ತಿ ಬದಿಗೆ ಇಳಿಯುವಾಗ ಅವು ಒಂದಕ್ಕೊಂದು ಹತ್ತಿರ ಬರುತ್ತ ಹೋಗಬೇಕು. ಬೆಲ್ಟು 60 ಡಿಗ್ರಿ ತಿರುಗಿದ ಕಡೆ ಅಂತರ ಅರ್ಧಕ್ಕೆ ಇಳಿದಿರುತ್ತದೆ, ಕೈಯ ಅಂಚಿನಲ್ಲಿ ಹೊಲಿಗೆಗಳು ಒಂದರೊಳಗೊಂದು ಸೇರಿಹೋಗುತ್ತವೆ. ಅಂಚಿನವರೆಗೂ ಸಮ ಅಂತರದ ಹೊಲಿಗೆ ಕಂಡರೆ ಆ ಬೆಲ್ಟು ಕೈಯನ್ನು ಸುತ್ತಿಲ್ಲ, ಕೈಯ ಚಿತ್ರದ ಮೇಲೆ ಮಲಗಿದೆ ಎಂದರ್ಥ. ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಎನ್ನಿಸುವುದು ಇಲ್ಲಿಯೇ. ಜೊತೆಗೆ, ಬೆರಳುಗಳ ಕಡೆಗಿನ ಅಂಚಿನಲ್ಲಿ ಚರ್ಮದ ದಪ್ಪವೂ ತೆಳ್ಳನೆಯ ಗೆರೆಯಾಗಿ ಕಾಣಬೇಕು.

ಹೊಸ ವಾಚು ಚಿಕ್ಕದು, ಅದರ ಬೆಲ್ಟು ಹಳೆಯ ಚೈನಿಗಿಂತ ಕಿರಿದು. ಹೀಗಾಗಿ ಸುತ್ತ ಹಳೆಯ ವಾಚಿನ ಚೂರುಗಳು ಇಣುಕುತ್ತವೆ. ಅಲ್ಲಿ ಚರ್ಮವನ್ನು ಹೊಸದಾಗಿ ತುಂಬಬೇಕು. ಮುಂಗೈಯ ಪಕ್ಕದ ಭಾಗದಿಂದಲೇ ರೋಮದ ದಿಕ್ಕು ತಪ್ಪದಂತೆ ನಕಲಿಸಿ ತರುವುದು ರೂಢಿ. ಹಳೆಯ ವಾಚಿನ ನೆರಳನ್ನೂ ಇದೇ ಹಂತದಲ್ಲಿ ಅಳಿಸಬೇಕು. ಅದು ಉಳಿದರೆ ಒಂದು ವಾಚಿಗೆ ಎರಡು ನೆರಳಾಗುತ್ತವೆ.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಚರ್ಮದ ಮೇಲಿನ ನೆರಳು. ಅದರಲ್ಲಿ ಎರಡು ಬಗೆ. ಬೆಲ್ಟು ಚರ್ಮವನ್ನು ಮುಟ್ಟುವ ಜಾಗದಲ್ಲಿ ಬೆಳಕು ನುಸುಳದ ಕಿರಿದಾದ ಗಾಢ ಗೆರೆ ಒಂದು. ಅದು ಬೆಲ್ಟಿನ ಎರಡೂ ಅಂಚಿನಲ್ಲಿ ಇರುತ್ತದೆ, ಕಿಟಕಿ ಯಾವ ಕಡೆ ಇದ್ದರೂ ಸರಿ. ಎರಡನೆಯದು ವಾಚಿನ ಎತ್ತರದಿಂದ ಬೀಳುವ ಅಗಲವಾದ, ಮೆತ್ತನೆಯ ನೆರಳು. ನಮ್ಮ ಚಿತ್ರದಲ್ಲಿ ಕಿಟಕಿಯ ಎದುರು ದಿಕ್ಕಿಗೆ, ಅಂದರೆ ಹೆಬ್ಬೆರಳ ಬದಿಗೆ ಬೀಳುವಂಥದ್ದು. ಮೊದಲನೆಯದು ಇಲ್ಲದಿದ್ದರೆ ವಾಚು ಗಾಳಿಯಲ್ಲಿ ತೇಲುತ್ತದೆ. ಎರಡನೆಯದು ತಪ್ಪು ದಿಕ್ಕಿಗೆ ಬಿದ್ದರೆ ಮೇಜಿನ ಮೇಲಿನ ಕೈಯ ನೆರಳೇ ಅದನ್ನು ಸುಳ್ಳೆಂದು ತೋರಿಸಿಕೊಡುತ್ತದೆ.

ನೆರಳಿನ ಬಣ್ಣ ಕಪ್ಪಲ್ಲ. ಬೆಳಕು ಚರ್ಮದೊಳಕ್ಕೆ ಸ್ವಲ್ಪ ಇಳಿದು, ಚದುರಿ ಹೊರಬರುತ್ತದೆ. ರಕ್ತವಿರುವ ಪದರವನ್ನು ಹಾದು ಬರುವುದರಿಂದ ನೆರಳಿನ ಅಂಚಿಗೆ ನಸುಗೆಂಪು ಹತ್ತುತ್ತದೆ. ಕಪ್ಪು ಬಣ್ಣದಲ್ಲಿ ನೆರಳು ಬಳಿದರೆ ಚರ್ಮಕ್ಕೆ ಮಸಿ ಮೆತ್ತಿದಂತಾಗುತ್ತದೆ. ತಿಳಿದವರು ಅದೇ ಕೈಯ ಬೆರಳ ಸಂದಿಯಿಂದ ಕೆಂಗಂದು ಬಣ್ಣವನ್ನು ಎತ್ತಿಕೊಂಡು, ಮಲ್ಟಿಪ್ಲೈ ಲೇಯರಿನಲ್ಲಿ ತೆಳುವಾಗಿ ಹಲವು ಸಲ ಬಳಿಯುತ್ತಾರೆ.

ಕೊನೆಗೆ ಚೂಪುತನದ ಹೊಂದಾಣಿಕೆ. ಕಂಪನಿಯ ಚಿತ್ರ ಮೂಲೆಯಿಂದ ಮೂಲೆಗೆ ಚೂಪಾಗಿರುತ್ತದೆ, ಕೈಯ ಫೋಟೋ ಹಾಗಿರುವುದಿಲ್ಲ. ಹಾಗಾಗಿ ವಾಚನ್ನು ತುಸು ಮಸುಕುಗೊಳಿಸಿ, ಫೋಟೋದಲ್ಲಿರುವಷ್ಟೇ ಕಾಳುಕಾಳು ಬೆರೆಸುತ್ತಾರೆ. ಮುಗಿಯಿತು ಎನ್ನಿಸಿದ ಮೇಲೆ ಇಡೀ ಚಿತ್ರವನ್ನು ಎಡಬಲ ಮಗುಚಿ, ಚಿಕ್ಕದಾಗಿಸಿ ನೋಡಿದರೆ ಉಳಿದ ತಪ್ಪುಗಳು ಬೇಗ ಕಣ್ಣಿಗೆ ಬೀಳುತ್ತವೆ. ಇದು ಪರೀಕ್ಷೆಗಷ್ಟೇ, ಮಗುಚಿದ ಚಿತ್ರದಲ್ಲಿ ಅಂಕಿಗಳೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತವೆ.

ಈ ಕೆಲಸಕ್ಕೆ ಒಂದು ಮಿತಿಯಿದೆ. ವಾಚು 45 ಡಿಗ್ರಿಗಿಂತ ಹೆಚ್ಚು ವಾಲಿದ್ದು, ಕೈಯಲ್ಲಿರುವುದು ಎದುರಿನ ಚಿತ್ರವೊಂದೇ ಆಗಿದ್ದರೆ, ಬದಿಯ ಗೋಡೆಯಲ್ಲಿ ಬಹುಪಾಲನ್ನು ಕಲ್ಪಿಸಿಯೇ ಬರೆಯಬೇಕಾಗುತ್ತದೆ. ಅಂಥ ಕಡೆ ಹೊಸ ವಾಚನ್ನೇ ತರಿಸಿ, ಅದೇ ಕೋನ, ಅದೇ ಕಿಟಕಿಬೆಳಕಿನಲ್ಲಿ ಫೋಟೋ ತೆಗೆಯುವುದು ಒಳ್ಳೆಯದು. ಗಾತ್ರದ ವಿಷಯದಲ್ಲಂತೂ ರಿಯಾಯಿತಿ ಸಲ್ಲದು. ‘ಇನ್ನೊಂಚೂರು ದೊಡ್ಡದಾಗಿ ಕಾಣಲಿ’ ಎಂದು 360 ಪಿಕ್ಸೆಲಿನ ವಾಚನ್ನು 400ಕ್ಕೆ ಹಿಗ್ಗಿಸಿದರೆ, 36 ಮಿಲಿಮೀಟರಿನ ವಾಚನ್ನು 40ರದ್ದೆಂದು ತೋರಿಸಿದಂತೆ. ಕೊಳ್ಳುವವರೂ ಅಷ್ಟೇ, ಚಿತ್ರವೊಂದನ್ನೇ ನಂಬಬಾರದು. ವಿವರಣೆಯಲ್ಲಿ ಕೊಟ್ಟ ಮಿಲಿಮೀಟರ್ ಅಳತೆಯನ್ನು ಓದಿ, ಸ್ಕೇಲು ತೆಗೆದು ತಮ್ಮ ಮಣಿಕಟ್ಟಿನ ಮೇಲಿಟ್ಟು ನೋಡಿ, ಆಮೇಲೆ ದುಡ್ಡು ಕಟ್ಟಬೇಕು.