ಫ್ಲ್ಯಾಟ್ ಕೈಗೆ ಬರಲಿಲ್ಲ, ನೋಟಿಸ್‌ನಲ್ಲಿ ಏನು ಕೇಳಬೇಕು?

ಕಾನೂನು ಕಾಲೇಜಿನ ಡ್ರಾಫ್ಟಿಂಗ್ ಪತ್ರಿಕೆಯಲ್ಲಿ ಬರಬಹುದಾದ ಪ್ರಶ್ನೆಯೊಂದನ್ನು ನೋಡಿ. ಬೆಂಗಳೂರಿನ ಫ್ಲ್ಯಾಟ್, ಬೆಲೆ 60 ಲಕ್ಷ. ನಿಮ್ಮ ಕಕ್ಷಿದಾರರು 54 ಲಕ್ಷ ಕಟ್ಟಿದ್ದಾರೆ. 2023ರ ಜೂನ್ 30ಕ್ಕೆ ಸ್ವಾಧೀನ ಕೊಡುವುದಾಗಿ ಕರಾರಿನಲ್ಲಿದೆ, ಇನ್ನೂ ಕೊಟ್ಟಿಲ್ಲ. ಬಿಲ್ಡರ್‌ಗೆ ಲೀಗಲ್ ನೋಟಿಸ್ ಬರೆಯಿರಿ.

ಕರಾರಿನ ದಿನಾಂಕ, ಕಂತುಗಳ ರಸೀದಿ, ತಪ್ಪಿದ ಗಡುವು, ಇವನ್ನು ಹೆಚ್ಚಿನವರು ಸರಿಯಾಗಿಯೇ ಬರೆಯುತ್ತಾರೆ. ಎಡವುವುದು ಬೇಡಿಕೆಯಲ್ಲಿ. ‘ಫ್ಲ್ಯಾಟನ್ನೂ ಕೊಡಿ, ಹಣವನ್ನೂ ಹಿಂದಿರುಗಿಸಿ’ ಎಂದು ಕೇಳಿದರೆ ನೋಟಿಸ್ ನಗೆಪಾಟಲು. 2016ರ ರೇರಾ ಕಾಯ್ದೆಯ 18ನೇ ಕಲಂ ಎರಡು ದಾರಿ ಕೊಡುತ್ತದೆ: ಯೋಜನೆಯಿಂದ ಹೊರಬಂದು ಬಡ್ಡಿಸಮೇತ ಹಣ ವಾಪಸ್ ಪಡೆಯುವುದು, ಇಲ್ಲವೇ ಒಳಗೇ ಉಳಿದು ಸ್ವಾಧೀನ ಸಿಗುವವರೆಗೆ ತಿಂಗಳು ತಿಂಗಳೂ ಬಡ್ಡಿ ಪಡೆಯುವುದು. ಒಂದನ್ನು ಆರಿಸಲೇಬೇಕು.

ನಮ್ಮ ಕಕ್ಷಿದಾರರಿಗೆ ಮನೆಯೇ ಬೇಕು ಎನ್ನೋಣ. ಬಡ್ಡಿ ಲೆಕ್ಕ ಹಾಕಬೇಕಾದ್ದು ಕಟ್ಟಿದ 54 ಲಕ್ಷಕ್ಕೆ, ಒಟ್ಟು ಬೆಲೆಗಲ್ಲ. ಕರ್ನಾಟಕದ ನಿಯಮದಲ್ಲಿ ದರ ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್‌ಗೆ ಶೇ 2 ಸೇರಿಸಿದಷ್ಟು. ಲೆಕ್ಕಕ್ಕಾಗಿ ಶೇ 10 ಎಂದಿಟ್ಟುಕೊಂಡರೆ ತಿಂಗಳಿಗೆ 45,000 ರೂಪಾಯಿ.

‘ಕೂಲಿಯಾಳು ಸಿಗಲಿಲ್ಲ’ ಎಂಬ ಉತ್ತರ ಬಂದೇ ಬರುತ್ತದೆ. ನೋಂದಣಿ ಅವಧಿ ವಿಸ್ತರಣೆಗೆ ಕಾಯ್ದೆ ಒಪ್ಪುವ ಅನಿವಾರ್ಯ ಕಾರಣಗಳು ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪದಂಥವು. ಕೂಲಿಯ ಕೊರತೆ ಅಲ್ಲಿಲ್ಲ ಎಂದು ಮೊದಲೇ ಒಂದು ಸಾಲು ಬರೆದಿಡಿ.

ಅಂದಹಾಗೆ, ರೇರಾಕ್ಕೆ ದೂರು ಕೊಡುವ ಮುನ್ನ ನೋಟಿಸ್ ಕಡ್ಡಾಯವೇನಲ್ಲ. ಆದರೂ ಕಳುಹಿಸಿ, ತಲುಪಿದ ಸ್ವೀಕೃತಿಯನ್ನು ಜೋಪಾನವಾಗಿಡಿ.