ಬಿದ್ದ ಐದು ವಾರಗಳ ಮೇಲೆ

ತಲೆಗೆ ಪೆಟ್ಟು ಬಿದ್ದರೆ ಆಗಬೇಕಾದ್ದೆಲ್ಲ ಅವತ್ತೇ ಆಗಿಬಿಡುತ್ತದೆ ಎಂದು ನಾವು ನಂಬಿದ್ದೇವೆ. ವಾಂತಿ ಆಗಲಿಲ್ಲ, ಪ್ರಜ್ಞೆ ತಪ್ಪಲಿಲ್ಲ, ರಾತ್ರಿ ಕಳೆದು ಬೆಳಗಾಯಿತು, ಇನ್ನೇನೂ ಭಯವಿಲ್ಲ ಎನ್ನುತ್ತೇವೆ. ಎಳೆಯರ ಮಟ್ಟಿಗೆ ಇದು ಹೆಚ್ಚುಕಡಿಮೆ ಸರಿ. ಎಪ್ಪತ್ತು ದಾಟಿದವರಲ್ಲಿ ಮಾತ್ರ ಒಂದು ಬಗೆಯ ರಕ್ತಸ್ರಾವಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದು ಮೂರನೇ ವಾರಕ್ಕೋ ಆರನೇ ವಾರಕ್ಕೋ, ಮನೆಯವರು ಬಿದ್ದದ್ದನ್ನೇ ಮರೆತ ಮೇಲೆ, ತನ್ನ ಇರವನ್ನು ತೋರಿಸುತ್ತದೆ. ವೈದ್ಯರು ಇದನ್ನು ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮ ಎನ್ನುತ್ತಾರೆ. ರೋಗಿಯ ಕಡೆಯವರಿಗೆ 'ತಲೆಯೊಳಗೆ ರಕ್ತ ನಿಂತಿದೆ' ಎಂದು ಹೇಳುತ್ತಾರೆ.

ಇಲ್ಲಿ ಹೇಳುವ ಮೇಷ್ಟ್ರು ಯಾವುದೋ ಒಬ್ಬ ನಿಜವಾದ ವ್ಯಕ್ತಿಯಲ್ಲ. ಇಂಥ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೆಡೆ ಸೇರಿಸಿದ್ದೇನೆ. ವಯಸ್ಸು 77, ನಿವೃತ್ತರಾಗಿ ಬಹಳ ವರ್ಷವಾಗಿದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರಿಂದ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ನುಂಗುತ್ತಾರೆ. ರಾತ್ರಿ ಬಚ್ಚಲಿಗೆ ಹೋಗುವಾಗ ಕಾಲು ಜಾರಿ ಹಣೆ ಬಾಗಿಲ ದಾರಂದಕ್ಕೆ ತಗಲಿತು. ಸಣ್ಣದೊಂದು ಬುಗುಟು ಎದ್ದಿತು, ಅಷ್ಟೇ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆಂದು ಮಗ ಬೆಳಿಗ್ಗೆಯೇ ಸಿಟಿ ಸ್ಕ್ಯಾನ್ ಮಾಡಿಸಿದ. ರಿಪೋರ್ಟ್ ನಾರ್ಮಲ್ ಬಂತು. ವಯಸ್ಸಿಗೆ ತಕ್ಕಂತೆ ಮಿದುಳು ಸ್ವಲ್ಪ ಕುಗ್ಗಿದೆ ಎಂಬ ಒಂದು ಸಾಲು ಕೊನೆಯಲ್ಲಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಆದರೆ ಇಡೀ ಕತೆ ಇರುವುದು ಆ ಸಾಲಿನಲ್ಲಿ. ವಯಸ್ಸಾದಂತೆ ಮಿದುಳು ಕುಗ್ಗುತ್ತದೆ, ಬುರುಡೆ ಕುಗ್ಗುವುದಿಲ್ಲ. ನಡುವೆ ಜಾಗ ಬಿಡುತ್ತದೆ. ಬುರುಡೆಯ ಒಳಮೈಗೆ ಡ್ಯೂರಾ ಎಂಬ ಗಟ್ಟಿ ಪೊರೆ ಅಂಟಿಕೊಂಡಿರುತ್ತದೆ. ಮಿದುಳಿನ ಮೇಲ್ಮೈಯಿಂದ ಹೊರಟ ಸಣ್ಣ ಅಭಿಧಮನಿಗಳು ಈ ಜಾಗವನ್ನು ದಾಟಿ, ಡ್ಯೂರಾದ ನಡುಗೆರೆಯಲ್ಲಿರುವ ದೊಡ್ಡ ರಕ್ತನಾಳವನ್ನು ಸೇರುತ್ತವೆ. ಎಳೆಯರಲ್ಲಿ ಇವು ದಾಟುವ ದೂರ ಕಡಿಮೆ. ಮಿದುಳು ಕುಗ್ಗಿದಾಗ ಅವು ಜಗ್ಗಿದ ಸ್ಥಿತಿಯಲ್ಲಿರುತ್ತವೆ. ಆಗ ದೊಡ್ಡ ಏಟೇ ಬೇಕೆಂದಿಲ್ಲ. ತಲೆ ಒಮ್ಮೆ ಜೋರಾಗಿ ಅಲುಗಿದರೂ ಒಂದು ಎಳೆ ಹರಿಯಬಹುದು. ಕುರ್ಚಿಯಲ್ಲಿ ಧೊಪ್ಪನೆ ಕುಸಿದು ಕುಳಿತದ್ದು ಬಿಟ್ಟರೆ ಬೇರೆ ಪೆಟ್ಟೇ ನೆನಪಿಲ್ಲ ಎನ್ನುವ ರೋಗಿಗಳೂ ಇದ್ದಾರೆ.

ಅಭಿಧಮನಿಯ ರಕ್ತಕ್ಕೆ ಒತ್ತಡ ಕಡಿಮೆ, ಆದ್ದರಿಂದ ಅದು ಚಿಮ್ಮದೆ ಒಸರುತ್ತದೆ. ಮೊದಲ ದಿನ ಒಂದೆರಡು ಚಮಚದಷ್ಟು ರಕ್ತ ಡ್ಯೂರಾದ ಕೆಳಗೆ ತೆಳುವಾಗಿ ಹರಡಿದ್ದರೆ ಸ್ಕ್ಯಾನಿನಲ್ಲಿ ಸಿಗಬಹುದು, ಸಿಗದೆಯೂ ಇರಬಹುದು. ಸಿಟಿ ಚಿತ್ರದಲ್ಲಿ ಮೂಳೆಯೂ ಬಿಳಿ, ಹೊಸ ರಕ್ತವೂ ಬಿಳಿ. ಮೂಳೆಗೆ ಒತ್ತಿಕೊಂಡ ತೆಳು ಬಿಳಿ ಗೆರೆ ಮೂಳೆಯೊಳಗೇ ಕರಗಿ ಹೋಗುತ್ತದೆ. ಅದಕ್ಕೇ ರೇಡಿಯಾಲಜಿಸ್ಟರು ತಲೆಯ ಸ್ಕ್ಯಾನನ್ನು ಎರಡು ಸಲ ನೋಡುತ್ತಾರೆ. ಒಮ್ಮೆ ಮಾಮೂಲಿ ಬೆಳಕಿನಲ್ಲಿ, ಇನ್ನೊಮ್ಮೆ ಮೂಳೆ ಬೇರೆ ರಕ್ತ ಬೇರೆ ಎಂದು ಕಾಣುವಂತೆ ಪರದೆಯ ಛಾಯೆಗಳನ್ನು ಹಿಗ್ಗಿಸಿ.

ಮುಂದಿನ ವಾರಗಳಲ್ಲಿ ಆಗುವುದೇ ವಿಚಿತ್ರ. ಮೈಯ ಬೇರೆ ಕಡೆಯಾದರೆ ನಿಂತ ರಕ್ತ ತಾನಾಗಿ ಇಂಗಿಹೋಗುತ್ತದೆ. ಇಲ್ಲೂ ಎಷ್ಟೋ ಸಲ ಹಾಗೇ ಆಗುತ್ತದೆ, ನಮಗೆ ತಿಳಿಯುವುದೂ ಇಲ್ಲ. ಕೆಲವರಲ್ಲಿ ಮಾತ್ರ ದೇಹ ಆ ರಕ್ತವನ್ನು ಹೊರಗಿನ ವಸ್ತುವೆಂದು ಎಣಿಸಿ ಸುತ್ತ ಒಂದು ಪೊರೆ ಕಟ್ಟುತ್ತದೆ. ಆ ಪೊರೆಯಲ್ಲಿ ಹೊಸ ರಕ್ತನಾಳಗಳು ಮೂಡುತ್ತವೆ. ಅವು ಎಳಸು, ಸೋರುವಂಥವು. ಒಳಗಿನ ದ್ರವದಲ್ಲಿ ಹೆಪ್ಪನ್ನು ಕರಗಿಸುವ ಅಂಶಗಳು ಹೆಚ್ಚಿರುವುದರಿಂದ ಸೋರಿದ್ದು ಹೆಪ್ಪುಗಟ್ಟಿ ನಿಲ್ಲುವುದೂ ಇಲ್ಲ. ಸೋರುವುದು, ಉರಿಯೂತ ಹೆಚ್ಚುವುದು, ಮತ್ತಷ್ಟು ಸೋರುವುದು ಎಂದು ಚಕ್ರ ತಿರುಗುತ್ತದೆ. ಮೊದಲು ಹರಿದ ಅಭಿಧಮನಿ ಎಂದೋ ಮಾಗಿರುತ್ತದೆ. ಈಗ ರಕ್ತ ಬರುತ್ತಿರುವುದು ಪೊರೆಯಿಂದ. ಆಸ್ಪಿರಿನ್‌ನಂಥ ಮಾತ್ರೆಗಳು ಈ ಸೋರಿಕೆ ನಿಲ್ಲದಂತೆ ಮಾಡುತ್ತವೆ.

ಮೇಷ್ಟ್ರಿಗೆ ನಾಲ್ಕನೇ ವಾರದಲ್ಲಿ ಮಂಪರು ಶುರುವಾಯಿತು. ಪೇಪರ್ ಹಿಡಿದು ಅದೇ ಪುಟ ನೋಡುತ್ತ ಕೂರುತ್ತಾರೆ, ಸಂಜೆಯ ವಾಕಿಂಗ್ ಬಿಟ್ಟಿದ್ದಾರೆ, ಮೊಮ್ಮಗಳ ಹೆಸರು ತಡಕಾಡುತ್ತಾರೆ. ಅರವತ್ತಕ್ಕೇ ಅರಳುಮರಳು ಎನ್ನುವ ನಾಡಿನಲ್ಲಿ 77ಕ್ಕೆ ಹೀಗಾದರೆ ಯಾರು ಗಾಬರಿಯಾಗುತ್ತಾರೆ? ಗಮನಿಸಬೇಕಾದ್ದು ವೇಗ. ವಯೋಸಹಜ ಮರೆವು ವರ್ಷಗಳಲ್ಲಿ ಬೆಳೆಯುತ್ತದೆ, ಇದು ಎರಡು ವಾರದಲ್ಲಿ ಬಂತು. ಜೊತೆಗೆ ಒಂದು ದಿನ ಚೆನ್ನಾಗಿರುತ್ತಾರೆ, ಮರುದಿನ ಮಂಕಾಗುತ್ತಾರೆ. ತಲೆನೋವು ಇರಲೇಬೇಕೆಂದಿಲ್ಲ. ಕುಗ್ಗಿದ ಮಿದುಳಿನ ಸುತ್ತ ಜಾಗ ಇರುವುದರಿಂದ ಒತ್ತಡ ಏರುವುದು ತಡವಾಗುತ್ತದೆ.

ಐದನೇ ವಾರ ಊಟಕ್ಕೆ ಕುಳಿತಾಗ ಬಲಗೈಯ ತುತ್ತು ಬಾಯಿಗೆ ಹೋಗದೆ ಚೆಲ್ಲಿತು. ಎದ್ದಾಗ ಬಲಗಾಲು ಎಳೆಯಿತು. ಮನೆಯಲ್ಲಿ 'ಸ್ಟ್ರೋಕ್ ಹೊಡೆಯಿತು' ಎಂದರು, ಪಕ್ಕದ ಮನೆಯವರು ಕೂಡಲೇ ಇನ್ನೊಂದು ಆಸ್ಪಿರಿನ್ ಕೊಡಿ ಎಂದರು. ಕೊಡಬಾರದಾದ ಔಷಧ ಅದೊಂದೇ. ರಕ್ತನಾಳ ಕಟ್ಟಿಕೊಂಡ ಸ್ಟ್ರೋಕಿಗೂ ರಕ್ತ ನಿಂತು ಒತ್ತಿದ್ದಕ್ಕೂ ಹೊರಗಿನಿಂದ ನೋಡಿದರೆ ಒಂದೇ ಮುಖ, ಚಿಕಿತ್ಸೆ ಮಾತ್ರ ತದ್ವಿರುದ್ಧ. ಸ್ಕ್ಯಾನ್ ಆಗುವವರೆಗೆ ಯಾವ ಮಾತ್ರೆಯೂ ಬೇಡ. ಡ್ಯೂಟಿ ಡಾಕ್ಟರಿಗೆ ತಪ್ಪದೆ ಹೇಳಬೇಕಾದ ಸಂಗತಿ ಎರಡು: ಎಂದು ಬಿದ್ದರು, ಯಾವ ಮಾತ್ರೆ ನುಂಗುತ್ತಿದ್ದಾರೆ. ಐದು ವಾರದ ಹಿಂದಿನ ಬುಗುಟನ್ನು ಹೆಚ್ಚಿನ ಮನೆಯವರು ಕೇಳಿದರೆ ಮಾತ್ರ ಹೇಳುತ್ತಾರೆ.

ಈ ಸಲದ ಸಿಟಿಯಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಎಡಬದಿಯಲ್ಲಿ, ಬುರುಡೆಯ ಒಳಮೈಗುಂಟ ಕುಡುಗೋಲಿನಾಕಾರದ ದ್ರವ, ಹೆಚ್ಚು ದಪ್ಪವಿರುವ ಕಡೆ 18 ಮಿಲಿಮೀಟರ್. ಮಿದುಳಿನ ನಡುಗೆರೆ ಬಲಕ್ಕೆ 9 ಮಿಲಿಮೀಟರ್ ಸರಿದಿತ್ತು. ಎಡಮಿದುಳು ಬಲಮೈಯನ್ನು ಆಳುವುದರಿಂದ ಬಲಗೈ ಸೋತಿತ್ತು. ದ್ರವದ ಮುಂಭಾಗ ಕಪ್ಪು, ಹಿಂಭಾಗ ಬೂದು, ನಡುವೆ ಅಡ್ಡಗೆರೆ. ಅಂಗಾತ ಮಲಗಿದ ರೋಗಿಯಲ್ಲಿ ಭಾರವಾದ ರಕ್ತಕಣಗಳು ಹಿಂದಕ್ಕೆ ತಳ ಕಂಡಿದ್ದವು. ಹಳೆಯ ರಕ್ತಕ್ಕೆ ಹೊಸದೂ ಬಂದು ಸೇರಿದೆ ಎಂಬುದಕ್ಕೆ ಅದೇ ಗುರುತು.

ಸಿಟಿಯಲ್ಲಿ ರಕ್ತದ ಬಣ್ಣ ಅದರ ವಯಸ್ಸನ್ನು ಹೇಳುತ್ತದೆ. ಯಂತ್ರ ಪ್ರತಿಯೊಂದು ವಸ್ತುವಿಗೂ ಒಂದು ಸಾಂದ್ರತೆಯ ಅಂಕ ಕೊಡುತ್ತದೆ. ನೀರಿಗೆ 0, ಮಿದುಳಿಗೆ 30ರಿಂದ 40ರ ಆಸುಪಾಸು, ಹೊಸದಾಗಿ ಹೆಪ್ಪುಗಟ್ಟಿದ ರಕ್ತಕ್ಕೆ 60ರ ಮೇಲೆ. ಹಿಮೋಗ್ಲೋಬಿನ್ ಒಡೆದು ಕರಗಿದಂತೆ ಆ ಅಂಕ ಇಳಿಯುತ್ತ ಬಂದು ಮೂರು ವಾರದ ಮೇಲೆ ರಕ್ತ ಮಿದುಳಿಗಿಂತ ಕಪ್ಪಾಗುತ್ತದೆ. ಇಳಿಯುವ ದಾರಿಯಲ್ಲಿ, ಸುಮಾರು ಒಂದರಿಂದ ಮೂರನೇ ವಾರದೊಳಗೆ, ಅದು ಮಿದುಳಿನ ಅಂಕವನ್ನೇ ಮುಟ್ಟುವ ಕಾಲ ಬರುತ್ತದೆ. ಆಗ ರಕ್ತವೂ ಬೂದು, ಮಿದುಳೂ ಬೂದು. ಕಣ್ಣೆದುರಿಗೇ ಇರುವ ರಕ್ತ ಚಿತ್ರದಲ್ಲಿ ಅಡಗಿಬಿಡುತ್ತದೆ. ರಕ್ತಹೀನತೆ ಜೋರಾಗಿರುವವರಲ್ಲಿ ಹೊಸ ರಕ್ತವೇ ಬೂದಾಗಿ ಕಾಣುವುದುಂಟು.

ಮೇಷ್ಟ್ರು ಎರಡನೇ ವಾರದಲ್ಲಿ ಬಂದಿದ್ದರೆ ಹೇಗೆ ಹಿಡಿಯಬೇಕಿತ್ತು? ರಕ್ತವನ್ನಲ್ಲ, ಮಿದುಳಿನ ಮಡಿಕೆಗಳನ್ನು ಹುಡುಕಬೇಕು. ವಯಸ್ಸಾದವರ ಮಿದುಳಿನ ಮೇಲೆ ಕಪ್ಪು ಸೀಳುಗಳು ಅಗಲವಾಗಿದ್ದು ಬುರುಡೆಯ ಹತ್ತಿರದವರೆಗೂ ಬರುತ್ತವೆ. ಒಂದು ಬದಿಯಲ್ಲಿ ಆ ಸೀಳುಗಳು ನಡುವೆಯೇ ನಿಂತು, ಆಚೆಗೆ ಬರಿಯ ಬೂದು ಪಟ್ಟಿ ಕಂಡರೆ ಅಲ್ಲಿ ರಕ್ತವಿದೆ. ಕಷ್ಟವಾಗುವುದು ಎರಡೂ ಬದಿಗೆ ಸಮವಾಗಿ ನಿಂತಾಗ. ನಡುಗೆರೆ ಸರಿಯುವುದಿಲ್ಲ, ಹೋಲಿಸಲು ಒಳ್ಳೆಯ ಬದಿಯೇ ಇರುವುದಿಲ್ಲ. ಎಂಬತ್ತರ ಅಜ್ಜಿಯ ಸ್ಕ್ಯಾನ್ ಇಪ್ಪತ್ತರ ಹುಡುಗಿಯದರಂತೆ ಸೀಳಿಲ್ಲದೆ ತುಂಬಿಕೊಂಡು ಕಂಡರೆ ಸಂತೋಷಪಡುವ ಬದಲು ಅನುಮಾನ ಪಡಬೇಕು. ಆಮೇಲೆ ಎಂಆರ್‌ಐ ಮಾಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಬಿದ್ದ ಪ್ರತಿಯೊಬ್ಬರಿಗೂ ಮೂರು ವಾರದ ಮೇಲೆ ಮತ್ತೆ ಸ್ಕ್ಯಾನ್ ಬೇಕು ಎಂದಲ್ಲ. ನಡಿಗೆ, ಮಾತು, ಎಚ್ಚರ ಬದಲಾದರೆ, ಮೊದಲ ರಿಪೋರ್ಟ್ ನಾರ್ಮಲ್ ಇತ್ತು ಎಂಬ ಧೈರ್ಯದಲ್ಲಿ ಕೂರಬಾರದು.

ಆಪರೇಷನ್ ಕೇಳಲು ಭಯಂಕರ, ಮಾಡಲು ಅಷ್ಟು ದೊಡ್ಡದಲ್ಲ. ಬುರುಡೆ ತೆರೆಯುವುದಿಲ್ಲ. ಒಂದು ಸೆಂಟಿಮೀಟರ್‌ಗಿಂತ ತುಸು ಅಗಲದ ಒಂದೆರಡು ರಂಧ್ರ ಕೊರೆದು ಡ್ಯೂರಾ ಸೀಳುತ್ತಾರೆ. ಎಷ್ಟೋ ಕಡೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ, ಹೃದಯ ದುರ್ಬಲವಾಗಿರುವ ಹಿರಿಯರಿಗೆ ಇದು ಅನುಕೂಲ. ಹೊರಬರುವ ದ್ರವ ಬೈಕಿನಿಂದ ಇಳಿಸಿದ ಹಳೆ ಎಂಜಿನ್ ಆಯಿಲ್ ಬಣ್ಣದ್ದು. ಅದು ತಿಳಿಯಾಗುವವರೆಗೆ ಸಲೈನ್‌ನಿಂದ ತೊಳೆಯುತ್ತಾರೆ. ಆಮೇಲೆ ಮೆತ್ತನೆಯ ಒಂದು ಕೊಳವೆಯನ್ನು ಎರಡು ದಿನ ಅಲ್ಲೇ ಬಿಡುತ್ತಾರೆ. ಮನೆಯವರಿಗೆ ಆ ಕೊಳವೆ ಕಂಡರೆ ಮುಜುಗರ, ಆದರೆ ಅದರ ಪ್ರಯೋಜನ ದೊಡ್ಡದು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊಳವೆ ಇಡದವರಲ್ಲಿ 24 ಶೇಕಡಾ ಮಂದಿಗೆ ಮತ್ತೆ ರಕ್ತ ತುಂಬಿತು, ಇಟ್ಟವರಲ್ಲಿ ಸುಮಾರು 9 ಶೇಕಡಾ ಮಂದಿಗೆ.

ಆಪರೇಷನ್ ಬೇಡ, ಮಾತ್ರೆಯಲ್ಲೇ ಕರಗಿಸಿ ಎಂದು ಕೇಳುವವರಿದ್ದಾರೆ. ಉರಿಯೂತವೇ ಮೂಲವಾದ್ದರಿಂದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವ ರೂಢಿಯೂ ಇತ್ತು. 2020ರಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನ ಆ ಉತ್ಸಾಹಕ್ಕೆ ತಣ್ಣೀರೆರಚಿತು. ಸ್ಟೀರಾಯ್ಡ್ ಪಡೆದವರಲ್ಲಿ ಮರು ಆಪರೇಷನ್ ಕಡಿಮೆಯಾಯಿತು ನಿಜ, ಆದರೆ ಆರು ತಿಂಗಳ ಮೇಲೆ ಚೆನ್ನಾಗಿದ್ದವರ ಸಂಖ್ಯೆಯೂ ಕಡಿಮೆಯಾಯಿತು. ಈಚೆಗೆ, ಪೊರೆಗೆ ರಕ್ತ ಒದಗಿಸುವ ಡ್ಯೂರಾದ ಅಪಧಮನಿಯನ್ನೇ ತೊಡೆಯಿಂದ ಅಥವಾ ಮುಂಗೈಯಿಂದ ತಂತಿ ಹಾಯಿಸಿ ಮುಚ್ಚುವ ವಿಧಾನ ಬಂದಿದೆ. ಆಪರೇಷನ್ ಜೊತೆಗೆ ಅದನ್ನೂ ಮಾಡಿದರೆ ಮತ್ತೆ ತುಂಬುವುದು ಕಡಿಮೆ ಎಂದು 2024ರ ಅಧ್ಯಯನಗಳು ತೋರಿಸಿವೆ. ದುಬಾರಿ, ದೊಡ್ಡ ಆಸ್ಪತ್ರೆಗಳಲ್ಲಷ್ಟೇ ಸಿಗುತ್ತದೆ. ತೆಳುವಾಗಿದ್ದು ತೊಂದರೆ ಕೊಡದ ರಕ್ತವನ್ನು ಸ್ಕ್ಯಾನ್ ಮಾಡುತ್ತ ಕಾಯುವುದುಂಟು. ಕೈಕಾಲು ಸೋತ ಮೇಲೆ ಕಾಯುವಂತಿಲ್ಲ.

ಮೇಷ್ಟ್ರ ಬಲಗೈ ಮರುದಿನವೇ ಲೋಟ ಹಿಡಿಯಿತು. ಆದರೆ ಆಪರೇಷನ್ ಆದ ಮೇಲಿನ ಸ್ಕ್ಯಾನ್ ನೋಡಿ ಮಗ ಗಾಬರಿಯಾದ. ರಕ್ತವಿದ್ದ ಜಾಗದಲ್ಲಿ ಇನ್ನೂ ದ್ರವವಿತ್ತು, ಗಾಳಿಯ ಗುಳ್ಳೆಗಳೂ ಇದ್ದವು. ವಾರಗಟ್ಟಲೆ ಅದುಮಿಸಿಕೊಂಡ ಹಳೆಯ ಮಿದುಳು ಒಂದೇ ದಿನದಲ್ಲಿ ಹಿಗ್ಗಿ ಬುರುಡೆ ಮುಟ್ಟುವುದಿಲ್ಲ, ಅದಕ್ಕೆ ವಾರಗಳೇ ಬೇಕು. ರೋಗಿ ಚೇತರಿಸುತ್ತಿದ್ದರೆ ಚಿತ್ರದಲ್ಲಿ ಉಳಿದ ದ್ರವಕ್ಕಾಗಿ ಮತ್ತೆ ಕೊರೆಯುವುದಿಲ್ಲ. ಮತ್ತೆ ಮಂಕಾದರೆ ಮಾತ್ರ ಹೊಸ ಸ್ಕ್ಯಾನ್.

ಕಠಿಣವಾಗಿ ಉಳಿದದ್ದು ಆ ಎರಡು ಮಾತ್ರೆಗಳ ಪ್ರಶ್ನೆ. ಬಿಟ್ಟರೆ ಸ್ಟೆಂಟ್ ಕಟ್ಟಿಕೊಳ್ಳಬಹುದು, ತೆಗೆದುಕೊಂಡರೆ ತಲೆಯಲ್ಲಿ ಮತ್ತೆ ತುಂಬಬಹುದು. ಇದನ್ನು ಮನೆಯಲ್ಲಿ ಕೂತು ತೀರ್ಮಾನಿಸುವಂತಿಲ್ಲ. ಸ್ಟೆಂಟ್ ಹಾಕಿ ಎಷ್ಟು ಕಾಲವಾಯಿತು ಎಂಬುದರ ಮೇಲೆ ಹೃದಯದ ವೈದ್ಯರೂ ಮಿದುಳಿನ ಸರ್ಜನ್ನರೂ ಮಾತಾಡಿಕೊಂಡು ನಿರ್ಧರಿಸಬೇಕು. ಮೇಷ್ಟ್ರ ಸ್ಟೆಂಟಿಗೆ ಒಂದು ವರ್ಷ ದಾಟಿತ್ತು. ಕೆಲವು ವಾರ ಎರಡನ್ನೂ ನಿಲ್ಲಿಸಿ, ಸ್ಕ್ಯಾನ್ ನೋಡಿ, ಆಮೇಲೆ ಆಸ್ಪಿರಿನ್ ಒಂದನ್ನೇ ಶುರುಮಾಡಿದರು.