ಅಮೋನಿಯಾ ಇಲ್ಲದ ಡೈನಲ್ಲಿ ಏನಿದೆ?

ಅಂಗಡಿಯಲ್ಲಿ ಹೇರ್ ಡೈ ಕೇಳಿದರೆ ಕೈಗೆ ಬರುವ ಪೊಟ್ಟಣಗಳಲ್ಲಿ ಬಹಳಷ್ಟರ ಮೇಲೆ ಈಗ ‘ಅಮೋನಿಯಾ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಓದಿದವರು ಕೂದಲಿಗೆ ಹಾನಿ ಕಡಿಮೆ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಪೊಟ್ಟಣ ಹೇಳುವುದು ನಿಜ, ಒಳಗೆ ಅಮೋನಿಯಾ ಇರುವುದಿಲ್ಲ. ಆದರೆ ಅಮೋನಿಯಾ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ವಸ್ತು ಮಾಡಲೇಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಹಾಗಾಗಿ ಮೊದಲು ಆ ಕೆಲಸ ಏನೆಂದು ತಿಳಿಯಬೇಕು.

ಕೂದಲಿನ ಹೊರಮೈ ಮಂಗಳೂರು ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಹಾಸಿದ ತೆಳುವಾದ ಪದರಗಳಿಂದ ಆಗಿದೆ. ಇದಕ್ಕೆ ಕ್ಯೂಟಿಕಲ್ ಎನ್ನುತ್ತಾರೆ. ಕಾಯಂ ಡೈನ ಬಣ್ಣ ಕೂರುವುದು ಈ ಪದರಗಳ ಮೇಲೆ ಅಲ್ಲ, ಅವುಗಳ ಒಳಗೆ. ಟ್ಯೂಬಿನಲ್ಲಿರುವ ಕ್ರೀಮಿನಲ್ಲಿ ಸಿದ್ಧ ಬಣ್ಣ ಇರುವುದಿಲ್ಲ. ಪಿಪಿಡಿಯಂಥ ಚಿಕ್ಕ ಅಣುಗಳು ಇರುತ್ತವೆ. ಅವು ಕೂದಲಿನೊಳಗೆ ನುಗ್ಗಿ, ಡೆವಲಪರ್ ಬಾಟಲಿಯ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ, ಒಂದಕ್ಕೊಂದು ಬೆಸೆದು ದೊಡ್ಡ ಬಣ್ಣದ ಅಣುಗಳಾಗುತ್ತವೆ. ದೊಡ್ಡದಾದ ಮೇಲೆ ಸುಲಭವಾಗಿ ಹೊರಬರಲಾರವು. ತಲೆಗೆ ಸ್ನಾನ ಮಾಡಿದರೂ ಬಣ್ಣ ಹೋಗದಿರುವುದು ಈ ಕಾರಣಕ್ಕೆ.

ಇಷ್ಟೆಲ್ಲ ನಡೆಯಬೇಕಾದರೆ ಮಿಶ್ರಣ ಕ್ಷಾರೀಯವಾಗಿರಬೇಕು. ಕ್ಷಾರ ತಾಗಿದ ಕೂದಲು ಉಬ್ಬುತ್ತದೆ, ಪದರಗಳು ಸಡಿಲವಾಗುತ್ತವೆ. ಪೆರಾಕ್ಸೈಡ್ ಚುರುಕಾಗುವುದೂ ಕ್ಷಾರದಲ್ಲೇ. ಹಾಗೆ ಚುರುಕಾದ ಪೆರಾಕ್ಸೈಡ್ ಕೂದಲಿನ ಸ್ವಂತ ಕಪ್ಪನ್ನು ತಿಳಿಗೊಳಿಸುತ್ತದೆ. ಈ ಕ್ಷಾರವೇ ಅಮೋನಿಯಾದ ಪಾತ್ರ. ಅದು ಅನಿಲವಾಗಿ ಹಾರುವುದರಿಂದ ಮೂಗಿಗೆ ಘಾಟು ಬಡಿಯುತ್ತದೆ, ಕಣ್ಣು ಉರಿಯುತ್ತದೆ. ಅಮೋನಿಯಾಕ್ಕೆ ಕೆಟ್ಟ ಹೆಸರು ಬಂದಿರುವುದಕ್ಕೆ ಮುಖ್ಯ ಕಾರಣ ಈ ಘಾಟು.

‘ಅಮೋನಿಯಾ ಇಲ್ಲ’ ಎನ್ನುವ ಕ್ರೀಮ್ ಡೈಗಳಲ್ಲಿ ಅದರ ಜಾಗಕ್ಕೆ ಸಾಮಾನ್ಯವಾಗಿ ಬರುವುದು ಎಥನೋಲಮೈನ್. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಎಥನೋಲಮೈನ್ ಎಂದೋ ಮೊನೊಎಥನೋಲಮೈನ್ ಎಂದೋ ಇರುತ್ತದೆ, ಎರಡೂ ಒಂದೇ. ಕೆಲವದರಲ್ಲಿ ಅಮಿನೊಮೀಥೈಲ್ ಪ್ರೊಪನಾಲ್ ಅಥವಾ ಸೋಡಿಯಂ ಕಾರ್ಬೊನೇಟ್ ಇರುವುದೂ ಉಂಟು. ಇವೆಲ್ಲವೂ ಕ್ಷಾರಗಳೇ. ಎಥನೋಲಮೈನ್ ಕ್ಷಾರವಾಗಿ ಅಮೋನಿಯಾಕ್ಕೆ ಹೆಚ್ಚು ಕಡಿಮೆ ಸರಿಸಾಟಿ. ಆದರೆ ಅದು ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ, ಹಾಗಾಗಿ ತಲೆಯ ಮೇಲಿಂದ ಹಾರಿಹೋಗುವುದು ತೀರಾ ಕಡಿಮೆ. ಮೂಗಿಗೆ ಬರುವುದಿಲ್ಲ, ಕಣ್ಣು ಉರಿಸುವುದಿಲ್ಲ. ಗಾಳಿಯಾಡದ ಬಾತ್‌ರೂಮಿನಲ್ಲಿ ಡೈ ಹಚ್ಚಿಕೊಳ್ಳುವವರಿಗೆ, ದಿನವಿಡೀ ಪಾರ್ಲರಿನಲ್ಲಿ ನಿಂತು ಬೇರೆಯವರಿಗೆ ಬಣ್ಣ ಹಚ್ಚುವ ಹೆಣ್ಣುಮಕ್ಕಳಿಗೆ ಇದು ನಿಜವಾದ ಲಾಭ. ಅದನ್ನು ಕಡೆಗಣಿಸಬಾರದು.

ಕೂದಲಿನ ಕಡೆಯಿಂದ ನೋಡಿದರೆ ಕಥೆ ಬೇರೆ. ಅಮೋನಿಯಾ ಹಾರಿಹೋಗುತ್ತಾ ಬಂದಂತೆ ತಲೆಯ ಮೇಲಿನ ಮಿಶ್ರಣದ ಕ್ಷಾರವೂ ಇಳಿಯುತ್ತದೆ. ಎಥನೋಲಮೈನ್ ಹಾರದು, ಹಚ್ಚಿದಷ್ಟು ಹೊತ್ತೂ ಕೂದಲಿನಲ್ಲೇ ಇರುತ್ತದೆ. ಚೆನ್ನಾಗಿ ತೊಳೆಯದಿದ್ದರೆ ಆಮೇಲೂ ಉಳಿಯಬಹುದು. ಇನ್ನೊಂದು ವಿಷಯವಿದೆ. ಅದರ ಅಣು ಅಮೋನಿಯಾದ ಅಣುವಿಗಿಂತ ಸುಮಾರು ಮೂರೂವರೆ ಪಟ್ಟು ಭಾರ. ಅಷ್ಟೇ ಸಂಖ್ಯೆಯ ಅಣುಗಳು ಬೇಕೆಂದರೆ ಕ್ರೀಮಿಗೆ ಅಷ್ಟು ಪಟ್ಟು ಹೆಚ್ಚು ತೂಕದ ಎಥನೋಲಮೈನ್ ಸೇರಿಸಬೇಕಾಗುತ್ತದೆ.

2014ರಲ್ಲಿ ‘ಜರ್ನಲ್ ಆಫ್ ಕಾಸ್ಮೆಟಿಕ್ ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಈ ಎರಡನ್ನೂ ನೇರವಾಗಿ ಹೋಲಿಸಿತು. ಬಣ್ಣ ಹಾಕಿದ ಕೂದಲಿನಿಂದ ಎಷ್ಟು ಪ್ರೋಟೀನ್ ಕಳಚಿಹೋಗುತ್ತದೆ, ಕೂದಲಿಗೆ ಗಟ್ಟಿತನ ಕೊಡುವ ಗಂಧಕದ ಕೊಂಡಿಗಳು ಎಷ್ಟು ಮುರಿಯುತ್ತವೆ, ಸೂಕ್ಷ್ಮದರ್ಶಕದಲ್ಲಿ ಪದರಗಳು ಹೇಗೆ ಕಾಣುತ್ತವೆ ಎಂದು ಪರೀಕ್ಷಿಸಿದರು. ಎಥನೋಲಮೈನ್ ಪ್ರಮಾಣ ಹೆಚ್ಚಿದ್ದ ಮಿಶ್ರಣಗಳಲ್ಲಿ ಹಾನಿ ಅಮೋನಿಯಾಗಿಂತ ಜಾಸ್ತಿ ಇತ್ತು, ಅದು 85% ವರೆಗೂ ಹೋಯಿತು. ಅಧ್ಯಯನ ಮಾಡಿದವರು ಹೇರ್ ಡೈ ಮಾರುತ್ತಿದ್ದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ವಿಜ್ಞಾನಿಗಳು, ಅದನ್ನೂ ಓದುಗರು ನೆನಪಿಡಬೇಕು. ಅಂಗಡಿಯಲ್ಲಿ ಸಿಗುವ ಪ್ರತಿ ಡೈಗೂ ಈ ಅಂಕಿ ಅನ್ವಯಿಸದು. ಆದರೂ ಅಮೋನಿಯಾ ತೆಗೆದ ಮಾತ್ರಕ್ಕೆ ಡೈ ಸೌಮ್ಯವಾಗುತ್ತದೆ ಎಂಬ ನಂಬಿಕೆ ಇದರ ಮುಂದೆ ನಿಲ್ಲುವುದಿಲ್ಲ.

ಹಾಗಿದ್ದರೂ ಅಮೋನಿಯಾ ಇಲ್ಲದ ಡೈಗೆ ಬದಲಾದ ಮೇಲೆ ಕೂದಲು ನುಣುಪಾಯಿತು ಎನ್ನುವವರು ಇದ್ದಾರೆ. ಅವರು ಹೇಳುವುದು ಸುಳ್ಳಲ್ಲ. ಅಮೋನಿಯಾ ಇಲ್ಲದ ಡೈಗಳಲ್ಲಿ ಬಹಳಷ್ಟು ಅರೆಕಾಯಂ ಬಗೆಯವು. ಅವುಗಳಲ್ಲಿ ಕ್ಷಾರ ಕಡಿಮೆ, ತಲೆಯ ಮೇಲಿನ ಮಿಶ್ರಣದಲ್ಲಿ ಪೆರಾಕ್ಸೈಡ್ ಕೂಡ ಕಡಿಮೆ. ಕೂದಲಿನ ಸ್ವಂತ ಬಣ್ಣವನ್ನು ಅವು ತಿಳಿಗೊಳಿಸುವುದಿಲ್ಲ, ಇಂತಿಷ್ಟು ಸ್ನಾನಗಳಲ್ಲಿ ಮಾಸುತ್ತವೆ. ಹಾನಿ ಕಡಿಮೆಯಾದದ್ದು ಈ ಸೌಮ್ಯ ಮಿಶ್ರಣದಿಂದ, ಅಮೋನಿಯಾ ಇಲ್ಲದ್ದರಿಂದ ಅಲ್ಲ. ಅದೇ ಎಥನೋಲಮೈನನ್ನು ಹೆಚ್ಚು ಹಾಕಿ, ಬಲವಾದ ಡೆವಲಪರ್ ಬೆರೆಸಿ, ನಮ್ಮ ಕಪ್ಪು ಕೂದಲನ್ನು ಜೇನು ಬಣ್ಣಕ್ಕೋ ಕೆಂಗಂದಿಗೋ ತಿರುಗಿಸಲು ಹೊರಟರೆ ಕೂದಲು ಸವೆಯದೆ ಇರದು. ನರೆಗೂದಲಿಗೆ ಕಪ್ಪು ಹಚ್ಚುವವರಿಗೆ ಇಲ್ಲೊಂದು ಅನುಕೂಲವಿದೆ. ಅವರು ಏನನ್ನೂ ತಿಳಿಗೊಳಿಸಬೇಕಾಗಿಲ್ಲ, ಹಾಗಾಗಿ ಬಲವಾದ ಡೆವಲಪರ್ ಅವರಿಗೆ ಬೇಕೇ ಇಲ್ಲ.

ಯಾವ ಡೈ ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ಕೂದಲನ್ನು ಹೆಚ್ಚು ಸವೆಸುತ್ತದೆ ಎಂದು ನನಗನಿಸುತ್ತದೆ. ಒಂದು ಲೆಕ್ಕ ನೋಡಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. 30 ಸೆಂಟಿಮೀಟರ್ ಉದ್ದದ ಕೂದಲಿನ ತುದಿ ಹುಟ್ಟಿ ಎರಡೂವರೆ ವರ್ಷ ಕಳೆದಿರುತ್ತದೆ. ಒಬ್ಬರು ತಿಂಗಳಿಗೊಮ್ಮೆ ಬುಡದಿಂದ ತುದಿಯವರೆಗೂ ಡೈ ಬಳಿದರೆ ಆ ತುದಿ ಸುಮಾರು 30 ಸಲ ಕ್ಷಾರ, ಪೆರಾಕ್ಸೈಡ್ ಎರಡನ್ನೂ ಕುಡಿದಿರುತ್ತದೆ. ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಿದರೆ, ಕೂದಲಿನ ಯಾವ ಭಾಗಕ್ಕೂ ಒಂದೆರಡು ಸಲಕ್ಕಿಂತ ಹೆಚ್ಚು ಹತ್ತುವುದಿಲ್ಲ. ಇಲ್ಲಿ ಸಿಗುವ ಉಳಿತಾಯ ಅಮೋನಿಯಾ ಬಿಟ್ಟು ಎಥನೋಲಮೈನ್ ಹಿಡಿದದ್ದರಿಂದ ಸಿಗಲಾರದು.

ಸವೆತ ಶುರುವಾಗಿದ್ದರೆ ಸ್ನಾನದ ಹೊತ್ತಿಗೆ ತಿಳಿಯುತ್ತದೆ. ಕೂದಲಿನ ಹೊರಮೈಯಲ್ಲಿ ನೀರನ್ನು ದೂರವಿಡುವ ಕೊಬ್ಬಿನ ತೆಳುಪೊರೆಯೊಂದಿದೆ, ಕ್ಷಾರದ ಜೊತೆಗಿನ ಪೆರಾಕ್ಸೈಡ್ ಅದನ್ನು ಕಿತ್ತುಹಾಕುತ್ತದೆ. ಆಮೇಲೆ ಒದ್ದೆ ಕೂದಲು ಬೆರಳಿಗೆ ತರಿತರಿಯಾಗಿ ಸಿಗುತ್ತದೆ, ಸಿಕ್ಕು ಬೇಗ ಕಟ್ಟುತ್ತದೆ, ಮೊದಲಿಗಿಂತ ನಿಧಾನವಾಗಿ ಆರುತ್ತದೆ. ಹಚ್ಚಿದ ಬಣ್ಣ ತುದಿಯಲ್ಲಿ ಬೇಗ ಮಾಸುತ್ತದೆ. ಬಣ್ಣ ಮಾಸಿತೆಂದು ತುದಿಗೆ ಮತ್ತೆ ಕಾಯಂ ಡೈ ಹಚ್ಚಿದರೆ ಸವೆತ ಇನ್ನಷ್ಟಾಗುತ್ತದೆ. ತುದಿಗೆ ಅರೆಕಾಯಂ ಬಣ್ಣವನ್ನೇ ಸ್ವಲ್ಪ ಹೊತ್ತು ಹಚ್ಚುವುದು ಮೇಲು.

ತುರಿಕೆ, ಮುಖ ಊದುವುದು, ಕಿವಿಯ ಹಿಂದೆ ಗುಳ್ಳೆ ಏಳುವುದು ಬೇರೆಯೇ ವಿಷಯ. ಇವಕ್ಕೆ ಸಾಮಾನ್ಯವಾಗಿ ಕಾರಣ ಅಮೋನಿಯಾ ಅಲ್ಲ, ಪಿಪಿಡಿ ಮತ್ತು ಅದರ ಬಳಗದ ಬಣ್ಣದ ಅಣುಗಳು. ಅವು ಅಮೋನಿಯಾ ಇಲ್ಲದ ಕಾಯಂ ಡೈಗಳಲ್ಲೂ ಸಾಮಾನ್ಯವಾಗಿ ಇರುತ್ತವೆ. ‘ಕಪ್ಪು ಮೆಹಂದಿ’ ಎಂದು ಮಾರುವ, ನೀರಿನಲ್ಲಿ ಕಲಸುವ ಎಷ್ಟೋ ಪುಡಿಗಳಲ್ಲೂ ಪಿಪಿಡಿ ಇರುತ್ತದೆ. ಮೆಹಂದಿ ಸೊಪ್ಪು ತಾನಾಗಿ ಕೊಡುವುದು ಕೆಂಪು ಬಣ್ಣ, ಒಂದೆರಡು ಗಂಟೆಯಲ್ಲಿ ಕಡುಕಪ್ಪು ಮಾಡುವ ಶಕ್ತಿ ಅದಕ್ಕಿಲ್ಲ. ಹಿಂದೊಮ್ಮೆ ಡೈನಿಂದ ತುರಿಕೆ ಬಂದವರು ‘ಅಮೋನಿಯಾ ಇಲ್ಲ’ ಎಂಬ ಮಾತನ್ನು ನಂಬಿ ಇನ್ನೊಂದು ಡೈ ಹಚ್ಚಿಕೊಂಡರೆ ಎರಡನೆಯ ಸಲ ಇನ್ನೂ ಜೋರಾಗಿ ಬರಬಹುದು. ಅಂಥವರು ಮೊದಲು ಚರ್ಮವೈದ್ಯರಿಗೆ ತೋರಿಸಬೇಕು. ಉಳಿದವರು ಪ್ರತಿ ಸಲವೂ, ಹಳೆಯ ಬ್ರ್ಯಾಂಡೇ ಆದರೂ, ಪೊಟ್ಟಣದಲ್ಲಿ ಹೇಳಿರುವಂತೆ ಮೊದಲು ಚರ್ಮದ ಮೇಲೆ ಚೂರು ಹಚ್ಚಿ, ಅಲ್ಲಿ ಕೊಟ್ಟಿರುವಷ್ಟು ಹೊತ್ತು ಕಾದು ನೋಡಬೇಕು.